ಲಾಟ್ ಎಷ್ಟು? ಆ ಪ್ರಶ್ನೆ ಕೊನೆಗೆ ಬರಲಿ

ಕರೆನ್ಸಿ ಟ್ರೇಡಿಂಗ್‌ಗೆ ಹೊಸದಾಗಿ ಬಂದವರಲ್ಲಿ ತುಂಬಾ ಜನ ಹೀಗೆ ಮಾಡುತ್ತಾರೆ. ಮೊದಲು ಲಾಟ್, ಅಂದರೆ ಎಷ್ಟು ಕರೆನ್ಸಿ ಕೊಳ್ಳಬೇಕು ಅಥವಾ ಮಾರಬೇಕು ಎಂಬ ಅಳತೆ, ಆರಿಸುತ್ತಾರೆ: 0.10 ಅಥವಾ 0.50, ಕೈಗೆ ರೂಢಿಯಾದದ್ದು ಯಾವುದೋ ಒಂದು. ಆಮೇಲೆ ಟ್ರೇಡ್ ಹಾಕುತ್ತಾರೆ. ಕೊನೆಗೆ, "ಇಷ್ಟು ಹಣ ಹೋದರೂ ತಡೆದುಕೊಳ್ಳಬಹುದು" ಅನ್ನಿಸುವ ಕಡೆ ಸ್ಟಾಪ್‌ಲಾಸ್, ಅಂದರೆ ನಷ್ಟದಲ್ಲಿ ಟ್ರೇಡ್ ಮುಚ್ಚುವ ಬೆಲೆ, ಇಡುತ್ತಾರೆ. ನಾನೂ ಶುರುವಿನಲ್ಲಿ ಹೀಗೇ ಮಾಡುತ್ತಿದ್ದೆ. ಸ್ಟಾಪ್ ಹಿಟ್ ಆಗುವುದು, ಬೆಲೆ ಅಲ್ಲಿಂದಲೇ ತಿರುಗಿ ನಾನು ಅಂದುಕೊಂಡಿದ್ದ ಕಡೆಗೇ ಹೋಗುವುದು, ಇದನ್ನು ಎಷ್ಟೋ ಸಲ ನೋಡಿದ್ದೇನೆ. ಆಗ ಮಾರುಕಟ್ಟೆಯ ಮೇಲೆ ಸಿಟ್ಟು ಬರುತ್ತಿತ್ತು. ತಪ್ಪು ಇದ್ದದ್ದು ನಾನು ಲೆಕ್ಕ ಹಾಕುತ್ತಿದ್ದ ಕ್ರಮದಲ್ಲಿ.

ಕ್ರಮವನ್ನು ಪೂರ್ತಿ ಉಲ್ಟಾ ಮಾಡಬೇಕು. ಸ್ಟಾಪ್ ಎಲ್ಲಿರಬೇಕು ಎಂದು ಚಾರ್ಟ್ ಹೇಳುತ್ತದೆ. ಎಷ್ಟು ಹಣ ಕಳೆದುಕೊಳ್ಳಬಹುದು ಎಂದು ಖಾತೆ ಹೇಳುತ್ತದೆ, ಅದು ಬಂಡವಾಳದ ಇಂತಿಷ್ಟು ಶೇಕಡಾ ಎಂದು ಮೊದಲೇ ಗೊತ್ತಾಗಿರುತ್ತದೆ. ಈ ಎರಡೂ ಗಟ್ಟಿಯಾದ ಮೇಲೆ ಉಳಿಯುವ ಉತ್ತರವೇ ಲಾಟ್. ನಾವು ಹಿಗ್ಗಿಸಿ ಕುಗ್ಗಿಸಬಹುದಾದದ್ದು ಅದೊಂದೇ.

ಸ್ಟಾಪ್ ಇಡುವ ಜಾಗ

ಸ್ಟಾಪ್‌ಲಾಸ್ ಎಂದರೆ ನಮ್ಮ ಅಂದಾಜು ತಪ್ಪು ಎಂದು ಬೆಲೆಯೇ ಹೇಳುವ ಜಾಗ. ಯೂರೋ ಏರುತ್ತದೆ ಎಂದು ನಾನು ಕೊಂಡಿದ್ದೇನೆ ಅಂದುಕೊಳ್ಳಿ. ಹಾಗೆ ಅಂದುಕೊಳ್ಳಲು ಕಾರಣ, ಬೆಲೆ ಒಂದು ಮಟ್ಟಕ್ಕೆ ಇಳಿದು ಅಲ್ಲಿಂದ ಎರಡು ಸಲ ಮೇಲೆದ್ದಿದೆ. ಬೆಲೆ ಆ ಮಟ್ಟದಿಂದ ಕೆಳಗೆ ಹೋದರೆ ನನ್ನ ಕಾರಣವೇ ಬಿದ್ದುಹೋಯಿತು. ಮತ್ತೆ ಆ ಟ್ರೇಡ್‌ನಲ್ಲಿ ಇರಲು ಆಧಾರವಿಲ್ಲ. ಆದ್ದರಿಂದ ಸ್ಟಾಪ್ ಆ ಮಟ್ಟದ ಕೆಳಗೆ ಇರಬೇಕು, ಸ್ವಲ್ಪ ಜಾಗ ಬಿಟ್ಟು.

ಆ "ಸ್ವಲ್ಪ ಜಾಗ" ಎಷ್ಟು? ಆ ಕರೆನ್ಸಿ ಜೋಡಿಯ ಬೆಲೆ ಸುಮ್ನೆ ಎಷ್ಟು ಅಲುಗಾಡುತ್ತದೆ ಎಂಬುದನ್ನು ನೋಡಿ ನಿರ್ಧರಿಸಬೇಕು. ಇದಕ್ಕೆ ಎಟಿಆರ್ ಎಂಬ ಅಳತೆ ಇದೆ. ಚಾರ್ಟ್‌ನ ಒಂದೊಂದು ಕ್ಯಾಂಡಲ್‌ನಲ್ಲಿ, ಅಂದರೆ ಒಂದೊಂದು ಅವಧಿಯಲ್ಲಿ, ಬೆಲೆ ಸರಾಸರಿ ಎಷ್ಟು ಪಿಪ್ ಓಡಾಡುತ್ತದೆ ಎಂದು ಅದು ತೋರಿಸುತ್ತದೆ. ಪಿಪ್ ಎಂದರೆ ಬೆಲೆಯ ಏರಿಳಿತ ಅಳೆಯುವ ಒಂದು ಚಿಕ್ಕ ಹೆಜ್ಜೆ. ಸಾಮಾನ್ಯವಾಗಿ ಕಳೆದ 14 ಕ್ಯಾಂಡಲ್‌ಗಳ ಲೆಕ್ಕ. ಒಂದು ಗಂಟೆಯ ಚಾರ್ಟ್‌ನಲ್ಲಿ ಎಟಿಆರ್ 16 ಪಿಪ್ ಇದ್ದಾಗ ಎಂಟ್ರಿಯಿಂದ 10 ಪಿಪ್ ದೂರದಲ್ಲಿ ಸ್ಟಾಪ್ ಇಟ್ಟರೆ, ನಮ್ಮ ಅಂದಾಜು ಸರಿಯಿದ್ದರೂ ಬೆಲೆಯ ಮಾಮೂಲಿ ಉಸಿರಾಟವೇ ನಮ್ಮನ್ನು ಹೊರಗೆ ತಳ್ಳುತ್ತದೆ. ನಾನು ಸಾಮಾನ್ಯವಾಗಿ ಮಟ್ಟದ ಕೆಳಗೆ ಅರ್ಧ ಎಟಿಆರ್‌ನಷ್ಟು ಬಿಡುತ್ತೇನೆ. ಇದು ನನ್ನ ಪದ್ಧತಿ ಅಷ್ಟೆ, ನಿಯಮವಲ್ಲ. ಆದರೆ ಎಷ್ಟು ಬಿಟ್ಟರೂ ಅದಕ್ಕೆ ಕಾರಣ ಚಾರ್ಟ್‌ನಿಂದ ಬರಬೇಕು, ಜೇಬಿನಿಂದ ಬರಬಾರದು.

ಒಂದು ಟ್ರೇಡ್, ಮೊದಲಿನಿಂದ ಕೊನೆಯವರೆಗೆ

ಖಾತೆಯಲ್ಲಿ 5,000 ಡಾಲರ್ ಇದೆ. ಒಂದು ಟ್ರೇಡ್‌ಗೆ ಬಂಡವಾಳದ ಶೇ. 1 ಎಂದು ನಿರ್ಧರಿಸಿದ್ದೇವೆ. ಅಂದರೆ ಈ ಟ್ರೇಡ್ ತಪ್ಪಿದರೆ ಹೋಗುವುದು 50 ಡಾಲರ್.

EUR/USD, ಅಂದರೆ ಒಂದು ಯೂರೋಗೆ ಡಾಲರ್‌ನಲ್ಲಿ ಬೆಲೆ, 1.0850. ಎರಡು ಸಲ ತಡೆದು ನಿಲ್ಲಿಸಿದ ಮಟ್ಟ 1.0818. ಎಟಿಆರ್ 16, ಅದರ ಅರ್ಧ 8 ಪಿಪ್. ಹಾಗಾಗಿ ಸ್ಟಾಪ್ 1.0810ರಲ್ಲಿ. ಈ ಜೋಡಿಯಲ್ಲಿ ಪಿಪ್ ಎಂದರೆ ದಶಮಾಂಶದ ನಂತರದ ನಾಲ್ಕನೇ ಅಂಕಿ, 0.0001. ಆದ್ದರಿಂದ ಎಂಟ್ರಿಯಿಂದ ಸ್ಟಾಪ್‌ವರೆಗಿನ ದೂರ 40 ಪಿಪ್.

ಇನ್ನು ಒಂದು ಪಿಪ್‌ನ ಬೆಲೆ ಬೇಕು. ಒಂದು ಪೂರ್ತಿ ಲಾಟ್ ಎಂದರೆ 1,00,000 ಯೂರೋ. ಅದಕ್ಕೆ 0.0001 ಗುಣಿಸಿದರೆ 10 ಡಾಲರ್. ಅಂದರೆ ಒಂದು ಲಾಟ್ ಕೊಂಡವನಿಗೆ ಪ್ರತಿ ಪಿಪ್‌ಗೂ 10 ಡಾಲರ್ ಬರುತ್ತದೆ ಅಥವಾ ಹೋಗುತ್ತದೆ. 40 ಪಿಪ್ ಹೋದರೆ 400 ಡಾಲರ್. ನಮ್ಮ ಮಿತಿ 50. ಐವತ್ತನ್ನು ನಾನೂರರಿಂದ ಭಾಗಿಸಿದರೆ 0.125 ಲಾಟ್.

ಹೆಚ್ಚಿನ ಬ್ರೋಕರ್‌ಗಳಲ್ಲಿ ಲಾಟನ್ನು 0.01ರ ಹೆಜ್ಜೆಯಲ್ಲಿ ಕೊಡಬೇಕು. ಆಗ 0.125 ಎಂಬುದು 0.12 ಆಗಬೇಕೋ 0.13 ಆಗಬೇಕೋ? ಯಾವಾಗಲೂ ಕೆಳಕ್ಕೆ, 0.12. ಮೇಲಕ್ಕೆ ಹೋದರೆ ನಾವೇ ಹಾಕಿದ ಮಿತಿಯನ್ನು ಮೊದಲ ಹೆಜ್ಜೆಯಲ್ಲೇ ದಾಟಿದ ಹಾಗೆ. 0.12 ಲಾಟ್‌ಗೆ 40 ಪಿಪ್ ನಷ್ಟವಾದರೆ ಹೋಗುವುದು 48 ಡಾಲರ್. ಉಳಿದ 2 ಡಾಲರ್ ಕಮಿಷನ್‌ಗೆ ಆಯಿತು.

ಇದನ್ನು ಪ್ರತಿ ಸಲ ಕೈಯಲ್ಲಿ ಮಾಡುವ ಅಗತ್ಯವಿಲ್ಲ. ಶೀಟ್‌ನಲ್ಲಿ ಒಂದು ಸಾಲು ಸಾಕು. `B1` ಬಂಡವಾಳ, `B2` ರಿಸ್ಕ್ (0.01), `B3` ಸ್ಟಾಪ್ ದೂರ ಪಿಪ್‌ಗಳಲ್ಲಿ, `B4` ಒಂದು ಲಾಟ್‌ಗೆ ಒಂದು ಪಿಪ್‌ನ ಬೆಲೆ:

```
=ROUNDDOWN(B1*B2/(B3*B4),2)
```

ಈಗ ಇದೇ ಖಾತೆಯಲ್ಲಿ ಬೇರೆ ಟ್ರೇಡ್ ನೋಡೋಣ. ನಾಲ್ಕು ಗಂಟೆಯ ಚಾರ್ಟ್ ಪ್ರಕಾರ ಸ್ಟಾಪ್ 100 ಪಿಪ್ ದೂರ ಇರಬೇಕಾಗಿದೆ. ಲೆಕ್ಕ ಹಾಕಿದರೆ 0.05 ಲಾಟ್. ಸ್ಟಾಪ್ ಹಿಟ್ ಆದರೆ ಹೋಗುವುದು 50 ಡಾಲರ್. ಸ್ಟಾಪ್ ದೂರ ಇದ್ದರೆ ನಷ್ಟ ಜಾಸ್ತಿ ಎಂಬ ಭಯ ಬಹಳ ಜನರಿಗೆ ಇದೆ. ಲಾಟ್ ಮೊದಲೇ ನಿಗದಿಯಾಗಿದ್ದರೆ ಮಾತ್ರ ಆ ಭಯ ನಿಜ. ಲಾಟ್ ಕೊನೆಗೆ ಬಂದರೆ 40 ಪಿಪ್‌ನ ಸ್ಟಾಪ್‌ಗೂ 100 ಪಿಪ್‌ನ ಸ್ಟಾಪ್‌ಗೂ ಹೋಗುವ ಹಣ ಹೆಚ್ಚುಕಡಿಮೆ ಅಷ್ಟೇ.

ಪಿಪ್‌ನ ಬೆಲೆ ಎಲ್ಲ ಕಡೆ ಹತ್ತು ಡಾಲರ್ ಅಲ್ಲ

ಲೆಕ್ಕದಲ್ಲಿ ಅತಿ ಹೆಚ್ಚು ತಪ್ಪು ಆಗುವುದು ಇಲ್ಲಿ. ಜೋಡಿಯಲ್ಲಿ ಎರಡನೆಯ ಕರೆನ್ಸಿ ಯಾವುದೋ, ಲಾಭ ನಷ್ಟ ಹುಟ್ಟುವುದು ಆ ಕರೆನ್ಸಿಯಲ್ಲಿ. EUR/USDನಲ್ಲಿ ಎರಡನೆಯದು ಡಾಲರ್, ಖಾತೆಯೂ ಡಾಲರ್, ಹಾಗಾಗಿ ಹತ್ತು ಎಂಬುದು ಸರಾಗವಾಗಿ ಬಂತು.

EUR/GBP ತೆಗೆದುಕೊಳ್ಳಿ. ಒಂದು ಲಾಟ್‌ಗೆ ಒಂದು ಪಿಪ್ ಎಂದರೆ 10 ಪೌಂಡ್. ಪೌಂಡ್‌ನ ಬೆಲೆ 1.25 ಡಾಲರ್ ಇದ್ದರೆ ಆ ಪಿಪ್‌ನ ಬೆಲೆ 12.50 ಡಾಲರ್. ಸ್ಟಾಪ್ 40 ಪಿಪ್ ದೂರ ಇದ್ದಾಗ ಸರಿಯಾದ ಲಾಟ್ 0.10. ಆದರೆ ರೂಢಿಯಂತೆ ಹತ್ತು ಎಂದು ಹಾಕಿದವನಿಗೆ 0.12 ಬರುತ್ತದೆ, ನಷ್ಟ 60 ಡಾಲರ್ ಆಗುತ್ತದೆ. ಶೇ. 1 ಅಂದುಕೊಂಡವನು ಪ್ರತಿ ಸಲ ಶೇ. 1.2 ಕಳೆದುಕೊಳ್ಳುತ್ತಾನೆ. ಒಂದೇ ಟ್ರೇಡ್‌ನಲ್ಲಿ ಇದು ಕಣ್ಣಿಗೆ ಬೀಳುವುದೂ ಇಲ್ಲ.

ಯೆನ್ ಇರುವ ಜೋಡಿಗಳಲ್ಲಿ ಪಿಪ್ ಎಂದರೆ ದಶಮಾಂಶದ ನಂತರದ ಎರಡನೇ ಅಂಕಿ, 0.01. ಒಂದು ಲಾಟ್ USD/JPYಗೆ ಒಂದು ಪಿಪ್ ಎಂದರೆ 1,000 ಯೆನ್. ಡಾಲರ್‌ಗೆ 150 ಯೆನ್ ಇದ್ದರೆ ಅದು ಸುಮಾರು 6.67 ಡಾಲರ್. ಇಲ್ಲಿ ಹತ್ತು ಎಂದು ಹಾಕಿದರೆ ಉಲ್ಟಾ ತಪ್ಪು: ಬೇಕಾದ್ದಕ್ಕಿಂತ ಚಿಕ್ಕ ಲಾಟ್ ಬರುತ್ತದೆ. ಹಣ ಉಳಿಯಿತಲ್ಲ ಎಂದು ಸುಮ್ಮನಿರಬೇಡಿ. ಯೆನ್ ಟ್ರೇಡ್‌ಗಳಲ್ಲಿ ಗೆದ್ದಾಗಲೂ ಕಡಿಮೆ ಬರುತ್ತದೆ, ಪೌಂಡ್ ಟ್ರೇಡ್‌ಗಳಲ್ಲಿ ಸೋತಾಗ ಜಾಸ್ತಿ ಹೋಗುತ್ತದೆ. ಆಮೇಲೆ ಫಲಿತಾಂಶ ಕೆಟ್ಟದ್ದು ಪದ್ಧತಿಯಿಂದಲೋ ಲೆಕ್ಕದಿಂದಲೋ ಎಂದು ಬಿಡಿಸಿ ನೋಡುವುದೇ ಕಷ್ಟ.

ಶೇ. 1 ಯಾಕೆ, 5 ಯಾಕಲ್ಲ?

ನೂರಕ್ಕೆ 45 ಟ್ರೇಡ್ ಗೆಲ್ಲುವ ಒಂದು ಪದ್ಧತಿ ಇದೆ ಎಂದುಕೊಳ್ಳೋಣ. ಸೋಲಿಗಿಂತ ಗೆಲುವು ದೊಡ್ಡದಿದ್ದರೆ ಅದು ಒಳ್ಳೆಯ ಪದ್ಧತಿಯೇ. ಆದರೆ ಅದರಲ್ಲಿ ಸತತ ಹತ್ತು ಸೋಲು ಬರಬಹುದೇ? ಯಾವುದೋ ಒಂದು ನಿರ್ದಿಷ್ಟ ಹತ್ತರಲ್ಲಿ ಹತ್ತೂ ಸೋಲುವ ಸಾಧ್ಯತೆ ಸುಮಾರು ನಾನೂರಕ್ಕೆ ಒಂದು. ಆದರೆ ಸಾವಿರ ಟ್ರೇಡ್ ಮಾಡುವವನಿಗೆ ಅಂಥ ಸರಣಿ ಒಮ್ಮೆಯಾದರೂ ಬರುವ ಸಾಧ್ಯತೆ ಮೂರರಲ್ಲಿ ಎರಡರಷ್ಟು. ಅಂದರೆ ಅದು ಬರುತ್ತದೆ ಎಂದುಕೊಂಡೇ ಲೆಕ್ಕ ಹಾಕಬೇಕು, ಅಲ್ವಾ?

ಅದು ಬಂದಾಗ 5,000 ಡಾಲರ್ ಏನಾಗುತ್ತದೆ ನೋಡಿ. ಶೇ. 1ರಂತೆ ಹತ್ತು ಸಲ ಸೋತರೆ ಸುಮಾರು 4,522 ಉಳಿಯುತ್ತದೆ. ಮತ್ತೆ 5,000ಕ್ಕೆ ಬರಲು ಶೇ. 10.6 ಗಳಿಸಬೇಕು. ಶೇ. 2 ಆದರೆ 4,085 ಉಳಿಯುತ್ತದೆ, ಶೇ. 22 ಗಳಿಸಬೇಕು. ಶೇ. 5 ಆದರೆ ಉಳಿಯುವುದು 2,994, ಗಳಿಸಬೇಕಾದದ್ದು ಶೇ. 67. ಶೇ. 10ರಂತೆ ಆಡಿದವನ ಬಳಿ 1,743 ಉಳಿದಿರುತ್ತದೆ. ಅವನು ಹಣವನ್ನು ಸುಮಾರು ಮೂರು ಪಟ್ಟು ಮಾಡಿದರೆ ಹೊರಟ ಜಾಗಕ್ಕೆ ವಾಪಸ್ ಬರುತ್ತಾನೆ.

ಈ ಲೆಕ್ಕದಲ್ಲಿ ಒಂದು ವಿಷಯ ಗಮನಿಸಿ. ಶೇಕಡಾ ಅದೇ ಇದ್ದರೂ ಪ್ರತಿ ಸೋಲಿನ ನಂತರ ಡಾಲರ್ ಮೊತ್ತ ಕಡಿಮೆಯಾಗುತ್ತಾ ಹೋಗುತ್ತದೆ. ಮೊದಲ ಸೋಲು 50, ಎರಡನೆಯದು 49.50, ಹೀಗೆ. ಸೋಲುವಾಗ ಲಾಟ್ ತಾನಾಗಿಯೇ ಚಿಕ್ಕದಾಗುತ್ತದೆ, ಗೆಲ್ಲುವಾಗ ದೊಡ್ಡದಾಗುತ್ತದೆ. ಹಾಗೆ ಆಗಬೇಕೆಂದರೆ `B1` ಖಾನೆಯನ್ನು ಪ್ರತಿ ಟ್ರೇಡ್‌ಗೂ ಮುಂಚೆ ಬದಲಿಸಬೇಕು. ಆರು ತಿಂಗಳ ಹಿಂದಿನ ಬಂಡವಾಳ ಅಲ್ಲೇ ಕೂತಿದ್ದರೆ ಶೇ. 1 ಎಂಬುದು ಬರೀ ಹೆಸರಿಗೆ. ತೆರೆದಿರುವ ಟ್ರೇಡ್‌ನಲ್ಲಿ ಕಾಣುವ ಲಾಭವನ್ನೂ ನಾನು ಸೇರಿಸುವುದಿಲ್ಲ. ಅದು ಇನ್ನೂ ಕೈಗೆ ಬಂದಿಲ್ಲ.

ಚಿಕ್ಕ ಖಾತೆಯವರಿಗೆ ಇಲ್ಲಿ ಒಂದು ಗೋಡೆ ಎದುರಾಗುತ್ತದೆ. 200 ಡಾಲರ್ ಇದ್ದರೆ ಶೇ. 1 ಎಂದರೆ 2 ಡಾಲರ್. 0.01 ಲಾಟ್‌ಗೆ ಪಿಪ್‌ನ ಬೆಲೆ 10 ಸೆಂಟ್, 40 ಪಿಪ್‌ಗೆ 4 ಡಾಲರ್. ಅತಿ ಚಿಕ್ಕ ಲಾಟ್ ಹಾಕಿದರೂ ರಿಸ್ಕ್ ಶೇ. 2. ಸೂತ್ರ 0.005 ಎಂದು ಹೇಳುತ್ತಿದ್ದರೆ, ಕೆಳಕ್ಕೆ ಇಳಿಸಿದಾಗ ಸೊನ್ನೆ ಬರುತ್ತದೆ. ಸೊನ್ನೆಯೂ ಒಂದು ಉತ್ತರ: ಈ ಟ್ರೇಡ್ ಈ ಖಾತೆಗೆ ಸಲ್ಲದು. ಆಗ ಸ್ಟಾಪನ್ನು 20 ಪಿಪ್‌ಗೆ ಎಳೆದು ಲೆಕ್ಕ ಹೊಂದಿಸುವ ಆಸೆ ಬರುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಮಟ್ಟ 1.0818ರಲ್ಲೇ ಇದೆ, ನಮ್ಮ ಬಂಡವಾಳ ನೋಡಿ ಅದು ಮೇಲೆ ಬರುವುದಿಲ್ಲ.

ಶೇ. 1 ಎಂದು ಬರೆದದ್ದು ಶೇ. 1 ಆಗಿ ಉಳಿಯದಿದ್ದಾಗ

ಈ ಪದ್ಧತಿಯಲ್ಲಿ ನನಗೆ ಅತಿ ಮುಖ್ಯ ಅನ್ನಿಸುವ ಭಾಗ ಇದು. ಇದನ್ನು ಹೇಳುವವರು ಕಡಿಮೆ.

ಸ್ಟಾಪ್‌ಲಾಸ್ ಎಂಬುದು ಒಂದು ಬೆಲೆಯ ಖಾತ್ರಿ ಅಲ್ಲ. ಬೆಲೆ ಆ ಮಟ್ಟ ಮುಟ್ಟಿದರೆ ಮಾರುಕಟ್ಟೆಯಲ್ಲಿ ಆಗ ಸಿಗುವ ಬೆಲೆಗೆ ಹೊರಗೆ ಬರುತ್ತೇನೆ ಎಂಬ ಆದೇಶ ಅಷ್ಟೆ. ಸಿಗುವ ಬೆಲೆ ಮೂರು ಪಿಪ್ ಆಚೆ ಇರಬಹುದು. ಇದೇ ಸ್ಲಿಪೇಜ್. ಮೂರು ಪಿಪ್ ಎಷ್ಟು ನೋಯಿಸುತ್ತದೆ ಎಂಬುದು ಲಾಟ್ ಮೇಲೆ ನಿಂತಿದೆ. 100 ಪಿಪ್ ಸ್ಟಾಪ್, 0.05 ಲಾಟ್ ಇದ್ದರೆ ಒಂದೂವರೆ ಡಾಲರ್. 15 ಪಿಪ್ ಸ್ಟಾಪ್ ಇಟ್ಟವನ ಲಾಟ್ 0.33, ಅವನಿಗೆ ಅದೇ ಮೂರು ಪಿಪ್ ಸುಮಾರು 10 ಡಾಲರ್. ಅವನ 50 ಡಾಲರ್ ನಷ್ಟ 60 ಆಯಿತು. ಕಾಗದದ ಮೇಲೆ ಇಬ್ಬರ ರಿಸ್ಕ್ ಒಂದೇ. ನಿಜದಲ್ಲಿ ಹತ್ತಿರದ ಸ್ಟಾಪ್ ಇಟ್ಟವನು ಜಾಸ್ತಿ ರಿಸ್ಕ್ ಹೊತ್ತಿದ್ದಾನೆ, ಯಾಕೆಂದರೆ ಅವನ ಲಾಟ್ ದೊಡ್ಡದು.

ಇದು ಎಲ್ಲಿಗೆ ಮುಟ್ಟಬಹುದು ಎನ್ನಲು ಒಂದು ದಿನವನ್ನು ನೆನೆಯಬೇಕು: 2015ರ ಜನವರಿ 15. ಒಂದು ಯೂರೋ 1.20 ಸ್ವಿಸ್ ಫ್ರಾಂಕ್‌ಗಿಂತ ಕೆಳಗೆ ಇಳಿಯಲು ಬಿಡುವುದಿಲ್ಲ ಎಂದು ಸ್ವಿಸ್ ನ್ಯಾಷನಲ್ ಬ್ಯಾಂಕ್ 2011ರ ಸೆಪ್ಟೆಂಬರ್‌ನಲ್ಲಿ ಘೋಷಿಸಿತ್ತು. ಮೂರು ವರ್ಷಕ್ಕೂ ಜಾಸ್ತಿ ಅದನ್ನು ಉಳಿಸಿಕೊಂಡಿತ್ತು. ಆ ದಿನ ಯಾವ ಸೂಚನೆಯೂ ಇಲ್ಲದೆ ಕೈಬಿಟ್ಟಿತು. ಕೆಲವೇ ನಿಮಿಷಗಳಲ್ಲಿ ಬೆಲೆ 1.00ಕ್ಕಿಂತ ಕೆಳಗೆ ಬಿತ್ತು. ನಡುವೆ ಕೊಳ್ಳುವವರೇ ಇರಲಿಲ್ಲ.

ಆ ದಿನ ಒಬ್ಬ ಟ್ರೇಡರ್ ನಮ್ಮ ಸೂತ್ರವನ್ನೇ ಅನುಸರಿಸಿದ್ದ ಎಂದುಕೊಳ್ಳೋಣ. 5,000 ಡಾಲರ್ ಖಾತೆ, ಶೇ. 1 ರಿಸ್ಕ್. 1.2010ರಲ್ಲಿ EUR/CHF ಕೊಂಡಿದ್ದಾನೆ, ಸ್ಟಾಪ್ 1.1990ರಲ್ಲಿ. 1.20 ಎಂಬ ಗೋಡೆ ಇದೆಯಲ್ಲ, 20 ಪಿಪ್ ಸಾಕು ಎಂಬುದು ಅವನ ತರ್ಕ. ಲೆಕ್ಕದ ಪ್ರಕಾರ ಲಾಟ್ ಸುಮಾರು 0.25. ಸ್ಟಾಪ್ ಹಿಟ್ ಆಯಿತು, ಆದರೆ ಆದೇಶ ಜಾರಿಯಾದದ್ದು 1.0000ರಲ್ಲಿ. 2,010 ಪಿಪ್ ನಷ್ಟ. 0.25 ಲಾಟ್‌ಗೆ ಅದು 5,025 ಫ್ರಾಂಕ್, ಡಾಲರ್‌ನಲ್ಲಿ ಅದಕ್ಕಿಂತಲೂ ಜಾಸ್ತಿ, ಏಕೆಂದರೆ ಫ್ರಾಂಕ್ ಅಷ್ಟರಲ್ಲಿ ಡಾಲರ್ ಎದುರೂ ಏರಿತ್ತು. ಶೇ. 1 ಎಂದು ಬರೆದಿದ್ದ ರಿಸ್ಕ್ ಇಡೀ ಖಾತೆಯನ್ನು ನುಂಗಿತು, ಮೇಲೆ ಬ್ರೋಕರ್‌ಗೆ ಸಾಲವೂ ಉಳಿಯಿತು. ಇಂಥ ಖಾತೆಗಳಿಂದಾಗಿ ಕೆಲವು ಬ್ರೋಕರ್‌ಗಳೇ ಮುಳುಗಿದರು.

ಅವನ ಸೂತ್ರದಲ್ಲಿ ತಪ್ಪಿರಲಿಲ್ಲ. ಸೂತ್ರ ಒಂದನ್ನು ಮಾತ್ರ ನೋಡಿತ್ತು: ಎಂಟ್ರಿಯಿಂದ ಸ್ಟಾಪ್‌ವರೆಗಿನ ದೂರ. ಇನ್ನೊಂದನ್ನೂ ನೋಡಬೇಕಿತ್ತು: ಒಟ್ಟು ಎಷ್ಟು ಹಣದ ಕರೆನ್ಸಿ ಹಿಡಿದಿದ್ದೇನೆ? 0.25 ಲಾಟ್ ಎಂದರೆ 25,000 ಯೂರೋ. ಅದು ಅವನ ಬಂಡವಾಳದ ಸುಮಾರು ಆರು ಪಟ್ಟು. ಹಾಗಾಗಿ ನಾನು ಎರಡು ಬೇಲಿ ಹಾಕುತ್ತೇನೆ. ಸ್ಟಾಪ್ ಹಿಟ್ ಆದರೆ ಶೇ. 1ಕ್ಕಿಂತ ಜಾಸ್ತಿ ಹೋಗಬಾರದು. ಜೊತೆಗೆ, ಹಿಡಿದ ಒಟ್ಟು ಮೊತ್ತ ಬಂಡವಾಳದ ಮೂರು ಪಟ್ಟು ಮೀರಬಾರದು. ಎರಡರಲ್ಲಿ ಯಾವುದು ಚಿಕ್ಕ ಲಾಟ್ ಕೊಡುತ್ತದೋ ಅದು. ಮೇಲಿನ EUR/USD ಉದಾಹರಣೆಯಲ್ಲಿ 0.12 ಲಾಟ್ ಎಂದರೆ ಸುಮಾರು 13,000 ಡಾಲರ್, ಎರಡೂವರೆ ಪಟ್ಟು. ಎರಡೂ ಬೇಲಿಯ ಒಳಗಿದೆ. 15 ಪಿಪ್ ಸ್ಟಾಪ್‌ನ 0.33 ಲಾಟ್ ಎರಡನೇ ಬೇಲಿಯಲ್ಲಿ ನಿಂತುಹೋಗುತ್ತದೆ. ಮೂರು ಎಂಬುದು ನನ್ನ ಆಯ್ಕೆ, ನಿಮ್ಮದು ಬೇರೆ ಇರಬಹುದು.

ಖಾತೆ ಸೊನ್ನೆಗಿಂತ ಕೆಳಗೆ ಹೋಗದಂತೆ ಕಾಪಾಡುವ ನಿಯಮವನ್ನು ಯುರೋಪಿಯನ್ ಒಕ್ಕೂಟ 2018ರಲ್ಲಿ ಸಾಮಾನ್ಯ ಗ್ರಾಹಕರಿಗೆ ಕಡ್ಡಾಯ ಮಾಡಿತು. ಎಲ್ಲ ಕಡೆ ಅದು ಇಲ್ಲ, ನಿಮ್ಮ ಬ್ರೋಕರ್‌ನ ಒಪ್ಪಂದದಲ್ಲಿ ಇದೆಯೇ ಎಂದು ಓದಿ ನೋಡಿ. ಇದ್ದರೂ ಅದು ಕಾಪಾಡುವುದು ಸೊನ್ನೆಯ ಕೆಳಗಿನದನ್ನು ಮಾತ್ರ.

ಶೇ. 1 ಸದ್ದಿಲ್ಲದೆ ಹಿಗ್ಗುವ ಇನ್ನೊಂದು ದಾರಿ ಇದೆ. EUR/USD ಕೊಂಡಿದ್ದೀರಿ, ಶೇ. 1. GBP/USD ಕೂಡ ಕೊಂಡಿದ್ದೀರಿ, ಶೇ. 1. ಎರಡರಲ್ಲೂ ನೀವು ಮಾಡಿರುವುದು ಡಾಲರ್ ಮಾರಾಟ. ಅಮೆರಿಕದ ಉದ್ಯೋಗದ ಅಂಕಿ ಚೆನ್ನಾಗಿ ಬಂದು ಡಾಲರ್ ಏರಿದರೆ ಎರಡೂ ಸ್ಟಾಪ್ ಒಂದೇ ನಿಮಿಷದಲ್ಲಿ ಹೋಗಬಹುದು. ಅದು ಶೇ. 2ರ ಒಂದೇ ಟ್ರೇಡ್ ಇದ್ದ ಹಾಗೆ. ಇಂಥ ಕಡೆ ನಾನು ಒಂದು ಶೇಕಡಾವನ್ನು ಎರಡಕ್ಕೂ ಹಂಚುತ್ತೇನೆ, ಅರ್ಧ ಅರ್ಧ.

ಮಾರುವವರಿಗೆ ಒಂದು ಮಾತು

ಹೆಚ್ಚಿನ ಚಾರ್ಟ್‌ಗಳು ತೋರಿಸುವುದು ಬಿಡ್ ಬೆಲೆಯನ್ನು, ಅಂದರೆ ನಾವು ಮಾರಿದರೆ ಸಿಗುವ ಬೆಲೆ. ಆದರೆ ಮಾರಿ ಕೂತವರು ಹೊರಗೆ ಬರಬೇಕಾದರೆ ಕೊಳ್ಳಬೇಕು, ಅದು ಆಸ್ಕ್ ಬೆಲೆಯಲ್ಲಿ. ಹಾಗಾಗಿ ಮಾರಿದವರ ಸ್ಟಾಪ್ ಹಿಟ್ ಆಗುವುದು ಆಸ್ಕ್ ಬೆಲೆ ಮುಟ್ಟಿದಾಗ. ನ್ಯೂಯಾರ್ಕ್ ಸಮಯ ಸಂಜೆ ಐದರ ಹೊತ್ತಿಗೆ ದಿನ ಬದಲಾಗುವಾಗ ಎರಡೂ ಬೆಲೆಗಳ ನಡುವಿನ ಅಂತರ, ಅಂದರೆ ಸ್ಪ್ರೆಡ್, ಒಂದು ಪಿಪ್‌ನಿಂದ ಹಲವು ಪಿಪ್‌ಗಳಿಗೆ ಹಿಗ್ಗುತ್ತದೆ. ಆಗ ಚಾರ್ಟ್‌ನಲ್ಲಿ ಬೆಲೆ ಸ್ಟಾಪ್ ಹತ್ತಿರವೂ ಬಂದಿರುವುದಿಲ್ಲ, ಟ್ರೇಡ್ ಮಾತ್ರ ಮುಚ್ಚಿಹೋಗಿರುತ್ತದೆ. ಬ್ರೋಕರ್ ಮೋಸ ಮಾಡಿದ ಎಂದು ಅನುಮಾನಿಸುವ ಮುಂಚೆ ಚಾರ್ಟ್‌ನಲ್ಲಿ ಆಸ್ಕ್ ಗೆರೆಯನ್ನು ಆನ್ ಮಾಡಿ ಆ ನಿಮಿಷವನ್ನು ನೋಡಿ. ಮಾರುವ ಟ್ರೇಡ್‌ಗಳಲ್ಲಿ ಸ್ಟಾಪ್ ದೂರಕ್ಕೆ ಸ್ಪ್ರೆಡ್ ಸೇರಿಸಿ, ಆ ಹೊಸ ದೂರದಿಂದ ಲಾಟ್ ಲೆಕ್ಕ ಹಾಕಿ.

ಲೆಕ್ಕ ನಿಜವಾಗಿ ನಡೆಯುತ್ತಿದೆಯೇ?

ಇದನ್ನು ತಿಳಿಯಲು ಒಂದು ಪುಸ್ತಕದಲ್ಲಿ ಎರಡೇ ಅಂಕಿ ಬರೆದರೆ ಸಾಕು. ಟ್ರೇಡ್ ಹಾಕುವ ಮುಂಚೆ, ಸೋತರೆ ಎಷ್ಟು ಹೋಗಬೇಕು. ಮುಚ್ಚಿದ ಮೇಲೆ, ನಿಜಕ್ಕೂ ಎಷ್ಟು ಹೋಯಿತು. ಮೂವತ್ತು ಸೋಲು ಸೇರಿದ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಎಲ್ಲ ಸೋಲೂ ಅಂದುಕೊಂಡದ್ದಕ್ಕಿಂತ ಸ್ವಲ್ಪ ಸ್ವಲ್ಪ ಜಾಸ್ತಿ ಇದ್ದರೆ ಕಾರಣ ಸ್ಲಿಪೇಜ್, ಕಮಿಷನ್. ಒಂದೇ ಜೋಡಿಯಲ್ಲಿ ಮಾತ್ರ ಜಾಸ್ತಿ ಇದ್ದರೆ ಪಿಪ್‌ನ ಬೆಲೆ ತಪ್ಪಾಗಿ ಹಾಕಿದ್ದೀರಿ. ಹೆಚ್ಚಿನವು ಸರಿಯಿದ್ದು ಎರಡು ಮೂರು ಮಾತ್ರ ಎರಡು ಪಟ್ಟು, ಮೂರು ಪಟ್ಟು ಇದ್ದರೆ, ಆ ದಿನಗಳಲ್ಲಿ ಬೆಲೆ ಸ್ಟಾಪ್ ಹತ್ತಿರ ಬಂದಾಗ ನೀವೇ ಅದನ್ನು ದೂರ ಸರಿಸಿದ್ದೀರಿ. 40 ಪಿಪ್‌ಗೆ ಲೆಕ್ಕ ಹಾಕಿದ 0.12 ಲಾಟನ್ನು ಹಾಗೇ ಬಿಟ್ಟು ಸ್ಟಾಪನ್ನು 80ಕ್ಕೆ ಸರಿಸಿದರೆ ಹೋಗುವುದು 48 ಅಲ್ಲ, 96. ಈ ಮೂರನೆಯದಕ್ಕೆ ಸೂತ್ರದಲ್ಲಿ ಪರಿಹಾರ ಇಲ್ಲ. ಸ್ಟಾಪ್ ಲಾಭದ ಕಡೆಗೆ ಸರಿಯಬಹುದು, ನಷ್ಟದ ಕಡೆಗೆ ಸರಿಯಬಾರದು ಎಂದು ಪುಸ್ತಕದ ಮೇಲ್ಭಾಗದಲ್ಲಿ ಬರೆದಿಟ್ಟುಕೊಂಡಿದ್ದೇನೆ.

ಮೊದಲನೆಯದಕ್ಕೆ ಪರಿಹಾರ ಸುಲಭ. 50 ಎಂದುಕೊಂಡಾಗ ಸರಾಸರಿ 56 ಹೋಗುತ್ತಿದ್ದರೆ, ಸೂತ್ರಕ್ಕೆ 50ರ ಬದಲು 44 ಕೊಡಿ. ಆಗ ನಮ್ಮ 40 ಪಿಪ್‌ನ ಟ್ರೇಡ್‌ಗೆ 0.12ರ ಜಾಗದಲ್ಲಿ 0.11 ಲಾಟ್ ಬರುತ್ತದೆ.